ಮುಚ್ಚಿಕೊಳ್ಳದ ಲಿಫ್ಟ್ ಬಾಗಿಲು: ಶಾಫ್ಟಿನ ಗಾಳಿಯನ್ನು ಅಳೆದವರು, ಅಳೆಯದವರು

ಎತ್ತರದ ಕಟ್ಟಡದ ಲಿಫ್ಟ್ ಶಾಫ್ಟಿನೊಳಗೆ ಗಾಳಿ ಏರಿ ಬಾಗಿಲುಗಳನ್ನು ಕಾಡುವುದು ಹಿಮ ಬೀಳುವ ದೇಶಗಳ ಕಾಯಿಲೆ, ನಮಗೇಕೆ ಅದರ ಗೊಡವೆ ಎಂಬ ಮಾತನ್ನು ನಮ್ಮ ಕಟ್ಟಡ ಇಂಜಿನಿಯರುಗಳ ಬಾಯಲ್ಲಿ ಎಷ್ಟೋ ವರ್ಷಗಳಿಂದ ಕೇಳುತ್ತಿದ್ದೇನೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ಯಾರೂ ಅಳೆದು ನೋಡುವುದಿಲ್ಲ, ಹಾಗಾಗಿ ಬಾಗಿಲು ಕೈಕೊಟ್ಟಾಗಲೆಲ್ಲ ತಪ್ಪು ಲಿಫ್ಟ್ ಮೆಕ್ಯಾನಿಕ್‌ನ ತಲೆಗೆ ಬರುತ್ತದೆ.

ಇದರ ಭೌತಶಾಸ್ತ್ರ ಭದ್ರಾವತಿಯವರಿಗೆ ಹೊಸದೇನಲ್ಲ. 1923ರಲ್ಲಿ ಕಬ್ಬಿಣ ಕೊಡಲು ಶುರುಮಾಡಿದ ಕಾರ್ಖಾನೆಯ ಊರು ಇದು. ಒಳಗಿನ ಬಿಸಿ ಗಾಳಿ ಹಗುರ, ಹೊರಗಿನ ತಂಪು ಗಾಳಿ ಭಾರ, ಎತ್ತರ ಹೆಚ್ಚಿದಷ್ಟೂ ಸೆಳೆತ ಹೆಚ್ಚು ಎಂಬುದನ್ನು ಚಿಮಣಿಯ ಕೆಳಗೆ ದುಡಿದವರು ಪುಸ್ತಕವಿಲ್ಲದೆ ಬಲ್ಲರು. ಲಿಫ್ಟ್ ಶಾಫ್ಟ್ ಕೂಡ ಮಹಡಿಗೊಂದು ಬಾಗಿಲಿರುವ ಚಿಮಣಿಯೇ. ಸ್ಟ್ಯಾಕ್ ಎಫೆಕ್ಟ್ ಎಂದು ಕರೆಯುವುದು ಇದನ್ನೇ. ಆದರೆ ಓಲ್ಡ್ ಟೌನಿನ ನಾಲ್ಕು ಮಹಡಿಯ ಕಟ್ಟಡದಲ್ಲಿ ಬಾಗಿಲು ಅಂಟಿಕೊಂಡರೆ ಗಾಳಿಯನ್ನು ದೂರಬೇಡಿ. ಹದಿನೈದು ಮೀಟರ್ ಎತ್ತರಕ್ಕೆ, ಹತ್ತು ಡಿಗ್ರಿ ಅಂತರಕ್ಕೆ, ಮೇಲೂ ಕೆಳಗೂ ಸೇರಿ ಸಿಗುವ ಒತ್ತಡ ಆರು ಪಾಸ್ಕಲ್ ಕೂಡ ಇಲ್ಲ. ಅಲ್ಲಿ ಸಿಲ್‌ನ ತೋಡಿನಲ್ಲಿ ಕೂತ ಮಣ್ಣನ್ನು ಕೆರೆದು ತೆಗೆದರೆ ಸಾಕು.

ಆರಂಭದ ಚರಿತ್ರೆಯನ್ನು ಬೇಗ ಮುಗಿಸಬಹುದು. 1888ರಲ್ಲಿ ಅಮೆರಿಕದ ವ್ಯಾನ್ ಕ್ಯಾನೆಲ್ ಸುತ್ತುವ ಬಾಗಿಲಿಗೆ ಪೇಟೆಂಟ್ ಪಡೆದ. ಒಳಗಿನ ಗಾಳಿ ಹೊರಗಿನ ಗಾಳಿಗೆ ನೇರವಾಗಿ ಎದುರಾಗದಂತೆ ಮಾಡುವ ಉಪಾಯ ಅದು. ಗಗನಚುಂಬಿಗಳ ಪ್ರವೇಶದ್ವಾರಕ್ಕೆ ಮುಂದೆ ಬಲು ಒದಗಿಬಂತು. 1926ರಲ್ಲಿ ಎಮ್ಸ್‌ವಿಲರ್ ಎಂಬಾತ ತಟಸ್ಥ ಮಟ್ಟದ ಬಗ್ಗೆ ಬರೆದ. ಕಟ್ಟಡದ ಎತ್ತರದಲ್ಲಿ ಎಲ್ಲೋ ಒಂದು ಕಡೆ ಒಳಗಿನ ಒತ್ತಡವೂ ಹೊರಗಿನದೂ ಸಮವಾಗಿರುತ್ತವೆ. ಚಳಿಯಲ್ಲಿ ಅದರ ಕೆಳಗಿನ ಮಹಡಿಗಳಲ್ಲಿ ಗಾಳಿ ಒಳಗೆ ಬರುತ್ತದೆ, ಮೇಲಿನವುಗಳಲ್ಲಿ ಹೊರಗೆ ಹೋಗುತ್ತದೆ. ಇಷ್ಟು ತಿಳಿದ ಮೇಲೂ ಮೂರ್ನಾಲ್ಕು ದಶಕ ಈ ವಿಷಯ ಬರೀ ಬಿಸಿಮಾಡುವ ಖರ್ಚಿನ ಲೆಕ್ಕವಾಗಿಯೇ ಉಳಿಯಿತು.

ನಿಜವಾದ ಕೆಲಸ ನಡೆದದ್ದು 1960ರ ದಶಕದಲ್ಲಿ, ಒಟ್ಟಾವಾದಲ್ಲಿ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಕಟ್ಟಡ ವಿಭಾಗದಲ್ಲಿದ್ದ ಜಾರ್ಜ್ ತಮುರಾ ಮತ್ತು ಎ. ಜಿ. ವಿಲ್ಸನ್ ಬಳಕೆಯಲ್ಲಿದ್ದ ಕಟ್ಟಡಗಳಿಗೇ ಹೋಗಿ, ಹೊರಗೋಡೆಯ ಮೇಲೆಷ್ಟು ಒತ್ತಡ, ಶಾಫ್ಟಿನ ಬಾಗಿಲ ಮೇಲೆಷ್ಟು ಎಂದು ಬೇರೆಬೇರೆಯಾಗಿ ಅಳೆದರು. 1966ರಲ್ಲಿ ಒಂಬತ್ತು ಮಹಡಿಯ ಒಂದು ಕಟ್ಟಡ, 1967ರಲ್ಲಿ ಇನ್ನೂ ಎತ್ತರದ ಮೂರು. ನಾನು ಈ ಪಂಥದವನು, ಮುಚ್ಚಿಡುವುದಿಲ್ಲ. ಮೊದಲು ಅಳತೆ, ಆಮೇಲೆ ಸಿದ್ಧಾಂತ.

ಅವರ ಅಳತೆ ಹೇಳಿದ್ದು ಇಷ್ಟು. ಎತ್ತರ ಮತ್ತು ತಾಪಮಾನದ ಅಂತರದಿಂದ ಹುಟ್ಟುವ ಒಟ್ಟು ಒತ್ತಡವನ್ನು ಗಾಳಿಯ ದಾರಿಗೆ ಅಡ್ಡ ಬರುವ ಪ್ರತಿಯೊಂದು ತಡೆಯೂ ಹಂಚಿಕೊಳ್ಳುತ್ತದೆ. ದೊಡ್ಡ ಕಚೇರಿ ಕಟ್ಟಡಗಳಲ್ಲಿ ಒಟ್ಟಿನ ಶೇ. 63ರಿಂದ 82 ಭಾಗವನ್ನು ಹೊರಗೋಡೆಯೇ ಹೊರುತ್ತಿತ್ತು. ಉಳಿದದ್ದು ಮಾತ್ರ ಒಳಗಿನ ನೆಲ, ಗೋಡೆ, ಶಾಫ್ಟ್ ಬಾಗಿಲುಗಳ ಪಾಲು. ಹಾಗಿದ್ದರೆ ನೆಲಮಹಡಿಯ ಮುಂಬಾಗಿಲನ್ನು ಹಾರುಹೊಡೆದು ಇಟ್ಟಾಗ ಏನಾಗುತ್ತದೆ? ಆ ಮಹಡಿಯಲ್ಲಿ ಹೊರಗೋಡೆ ಇಲ್ಲದಂತೆಯೇ ಆಯಿತು. ಅದು ಹೊರುತ್ತಿದ್ದ ಪಾಲೆಲ್ಲ ನೇರವಾಗಿ ಲಿಫ್ಟ್ ಬಾಗಿಲ ಮೇಲೆ ಬಂದು ಕೂರುತ್ತದೆ. ಕೆಟ್ಟಂತೆ ಕಾಣುವುದು ಲಿಫ್ಟ್ ಬಾಗಿಲು, ಮದ್ದು ಬೇಕಾದದ್ದು ಮುಂಬಾಗಿಲಿಗೆ. ಈ ಶಾಸ್ತ್ರದಲ್ಲಿ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ ಎಂದು ನನ್ನ ಎಣಿಕೆ.

ಬಾಗಿಲು ಹೇಗೆ ಸೋಲುತ್ತದೆ ಎಂಬುದನ್ನು ಲಿಫ್ಟಿನವರ ಕಣ್ಣಿನಿಂದ ನೋಡಬೇಕು. ಮಹಡಿಯ ಬಾಗಿಲಿಗೆ ಸ್ವಂತ ಮೋಟಾರಿಲ್ಲ. ಪಲ್ಲೆಗಳು ಮೇಲೆ ರೋಲರಿನಿಂದ ನೇತಾಡುತ್ತವೆ, ಕೆಳಗೆ ಅವುಗಳ ಶೂಗಳು ಸಿಲ್‌ನ ತೋಡಿನಲ್ಲಿ ಜಾರುತ್ತವೆ. ಕಾರಿನ ಬಾಗಿಲ ಮೋಟಾರು ಅವನ್ನು ಜೊತೆಗೆ ಎಳೆಯುತ್ತದೆ, ಒಂದು ಸಣ್ಣ ತೂಕ ಅಥವಾ ಸ್ಪ್ರಿಂಗು ಮುಚ್ಚುವ ಕಡೆಗೆ ನೂಕುತ್ತಿರುತ್ತದೆ. ಶಾಫ್ಟಿನಲ್ಲಿ ಒತ್ತಡ ಕಡಿಮೆಯಿದ್ದರೆ ಪಲ್ಲೆ ಒಳಕ್ಕೆ ಒರಗಿ, ಶೂ ತೋಡಿನ ಗೋಡೆಗೆ ಉಜ್ಜುತ್ತದೆ. ಬಾಗಿಲು ಅಗಲವಾಗಿ ತೆರೆದಿರುವಾಗ ಗಾಳಿಗೆ ದಾರಿಯಿರುವುದರಿಂದ ಪಲ್ಲೆಯ ಮೇಲೆ ಒತ್ತಡವಿಲ್ಲ. ಸಂದು ಕಿರಿದಾದಂತೆ ಒತ್ತಡ ಏರಿ, ಕೊನೆಯ ಒಂದೆರಡು ಅಂಗುಲದಲ್ಲಿ ಪೂರ್ತಿಯಾಗುತ್ತದೆ. ಆದ್ದರಿಂದಲೇ ಬಾಗಿಲು ಸಲೀಸಾಗಿ ಬಂದು, ಇನ್ನೇನು ಮುಚ್ಚಿತು ಎನ್ನುವಾಗ ತಡವರಿಸಿ ನಿಲ್ಲುತ್ತದೆ. ಲಾಕಿನ ಕೊಕ್ಕೆ ಕೂರುವುದಿಲ್ಲ, ಸುರಕ್ಷಾ ಸಂಪರ್ಕ ಸೇರುವುದಿಲ್ಲ, ಲಿಫ್ಟ್ ಕದಲುವುದಿಲ್ಲ. ಮತ್ತೆ ತೆರೆಯುತ್ತದೆ, ಮತ್ತೆ ಮುಚ್ಚಲು ನೋಡುತ್ತದೆ. ಸಂದಿನಲ್ಲಿ ಸಿಳ್ಳೆ ಕೇಳಿಸಿದರೆ ಸಂಶಯವೇ ಬೇಡ; 25 ಪಾಸ್ಕಲ್ ಇದ್ದರೂ ಅಲ್ಲಿ ಗಾಳಿ ಸೆಕೆಂಡಿಗೆ ಆರೇಳು ಮೀಟರ್ ವೇಗದಲ್ಲಿ ನುಗ್ಗುತ್ತಿರುತ್ತದೆ.

ಈ ಕ್ಷೇತ್ರದವರು 25 ಪಾಸ್ಕಲ್ ಅನ್ನು ಎಚ್ಚರಿಕೆಯ ಗೆರೆಯಾಗಿ ಹಿಡಿಯುತ್ತಾರೆ. ಮೋಟಾರಿನ ಶಕ್ತಿ ಹೆಚ್ಚಿಸಿಬಿಡಿ ಎನ್ನುವವರಿಗೂ ಒಂದು ಮಿತಿಯಿದೆ: ಮುಚ್ಚುವ ಬಾಗಿಲ ಬಲ 150 ನ್ಯೂಟನ್ ಮೀರಬಾರದು ಎಂದು ಲಿಫ್ಟಿನ ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಬಾಗಿಲಿಗೆ ಯಾರಾದರೂ ಸಿಕ್ಕಿಕೊಂಡರೆ ಎಂಬ ಯೋಚನೆಯಿಂದ ಬಂದ ಮಿತಿ ಅದು.

ಈ ಅಧ್ಯಯನದ ದಾರಿಯನ್ನು ಮುಂದೆ ತಿರುಗಿಸಿದ್ದು ಒಂದು ಬೆಂಕಿ. 1980ರ ನವೆಂಬರ್ 21ರಂದು ಲಾಸ್ ವೇಗಾಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನ ಕೆಳಮಹಡಿಯಲ್ಲಿ ಬೆಂಕಿ ಬಿದ್ದು 85 ಜನ ಸತ್ತರು. ಹೆಚ್ಚಿನವರು ಸತ್ತದ್ದು ಬೆಂಕಿ ಮುಟ್ಟದ ಮೇಲಿನ ಮಹಡಿಗಳಲ್ಲಿ, ಹೊಗೆಯಿಂದ. ಅದು ಏರಿದ ದಾರಿಗಳಲ್ಲಿ ಲಿಫ್ಟ್ ಶಾಫ್ಟೂ ಒಂದು. ಅಲ್ಲಿಂದ ಮುಂದೆ ಶಾಫ್ಟಿನ ಗಾಳಿಯ ಅಧ್ಯಯನವೆಂದರೆ ಹೊಗೆಯ ಅಧ್ಯಯನ ಎಂಬಂತಾಯಿತು. ಬೇಕಾದದ್ದೇ. ಆದರೆ ದಿನನಿತ್ಯ ತೊಂದರೆ ಕೊಡುವ ಬಾಗಿಲು ಹಿಂದೆ ಸರಿಯಿತು. ಅದನ್ನು ಮತ್ತೆ ಮುಂದೆ ತಂದವರು 2000ದ ನಂತರದ ಕೊರಿಯಾದವರು. ಅಲ್ಲಿನ ವಸತಿ ಗೋಪುರಗಳಲ್ಲಿ ಚಳಿಗಾಲಕ್ಕೆ ಲಿಫ್ಟ್ ಬಾಗಿಲು ಮುಚ್ಚದಾದಾಗ, ಲಾಬಿಗೆ ಇನ್ನೊಂದು ಬಾಗಿಲು ಸೇರಿಸುವುದು, ಶಾಫ್ಟನ್ನು ಎತ್ತರದಲ್ಲಿ ತುಂಡರಿಸುವುದು, ಹೊರಗಿನ ತಂಪು ಗಾಳಿಯಿಂದ ಶಾಫ್ಟನ್ನೇ ತಣಿಸುವುದು ಇವನ್ನೆಲ್ಲ ಪರಿಶೀಲಿಸಿ ಬರೆದರು. ಇತ್ತೀಚೆಗೆ ಕಂಪ್ಯೂಟರ್ ಮಾದರಿಗಳ ಭರಾಟೆ. ಗೋಡೆ ಎಷ್ಟು ಸೋರುತ್ತದೆಂದು ಊಹಿಸಿ ತುಂಬಿದ ಮೇಲೆ ಬರುವ ಉತ್ತರವೂ ಊಹೆಯೇ, ಚಿತ್ರ ಎಷ್ಟು ಬಣ್ಣದ್ದಾದರೇನು.

ಈಗ ನಮ್ಮ ರಾಜ್ಯದ ಲೆಕ್ಕ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ 25 ಮಹಡಿಯ ಯುಟಿಲಿಟಿ ಬಿಲ್ಡಿಂಗ್ ಎದ್ದದ್ದು 1970ರ ದಶಕದಲ್ಲಿ. ಈಗ ಅದಕ್ಕಿಂತ ಎತ್ತರದವು ಬೇಕಾದಷ್ಟಿವೆ. ನೂರು ಮೀಟರಿನ ಒಂದು ಗಾಜಿನ ಕಚೇರಿ ಕಟ್ಟಡವನ್ನೇ ತೆಗೆದುಕೊಳ್ಳಿ. ಡಿಸೆಂಬರಿನ ಬೆಳಿಗ್ಗೆ, ಹೊರಗೆ 15 ಡಿಗ್ರಿ, ಒಳಗೆ 25. ಸಮುದ್ರಮಟ್ಟಕ್ಕೆ ಬಳಸುವ ಸೂತ್ರ ಇದು. H ಎತ್ತರ ಮೀಟರಿನಲ್ಲಿ, ಹೊರಗಿನ To ಮತ್ತು ಒಳಗಿನ Ti ಕೆಲ್ವಿನ್‌ನಲ್ಲಿ:

```
ΔP = 3460 × H × (1/To − 1/Ti)
```

ಲೆಕ್ಕ ಹಾಕಿದರೆ ಸುಮಾರು 40 ಪಾಸ್ಕಲ್. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲಿದೆ, ಗಾಳಿ ತೆಳು, ಹಾಗಾಗಿ 36 ಎನ್ನೋಣ. ತಟಸ್ಥ ಮಟ್ಟ ನಡುವೆ ಇದ್ದರೆ ತುದಿಗಳಿಗೆ ತಲಾ 18. ಎಚ್ಚರಿಕೆಯ ಗೆರೆಯ ಕೆಳಗೇ ಇದೆ, ಚಿಂತೆಯಿಲ್ಲ. ‘ನಮಗೇಕೆ’ ಎನ್ನುವವರು ಇಲ್ಲಿಗೇ ಕಾಗದ ಮಡಚುತ್ತಾರೆ.

ಆದರೆ ತಟಸ್ಥ ಮಟ್ಟ ನಡುವೆಯೇ ಇರಬೇಕೆಂಬ ನಿಯಮವೇನಿಲ್ಲ; ದೊಡ್ಡ ತೂತು ಎಲ್ಲಿದೆಯೋ ಅದು ಅತ್ತ ಸರಿಯುತ್ತದೆ. ಶಾಫ್ಟಿನ ತಲೆಯಲ್ಲಿ ಹೊಗೆ ಹೋಗಲು ಕನಿಷ್ಠ 0.2 ಚದರ ಮೀಟರ್ ಕಿಂಡಿ ಬಿಡಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯ 2005ರ ಆವೃತ್ತಿಯಲ್ಲಿತ್ತು. ಜೊತೆಗೆ ಮಷೀನ್ ರೂಮಿನ ನೆಲದಲ್ಲಿ ರೋಪಿನ ತೂತುಗಳು, ಸದಾ ತೆರೆದಿರುವ ಕಿಟಕಿ. ಶಾಫ್ಟಿನ ತಲೆ ಹೀಗೆ ಬಯಲಾದಾಗ ತಟಸ್ಥ ಮಟ್ಟ ಮೇಲಕ್ಕೇರಿ, 36ರ ಬಹುಪಾಲು ನೆಲಮಹಡಿಗೆ ಬೀಳುತ್ತದೆ. ಕಸ ಗುಡಿಸುವ ಹೊತ್ತೆಂದು ಮುಂಬಾಗಿಲನ್ನೂ ತೆರೆದಿಟ್ಟರೆ ಅದನ್ನು ಹೊರಬೇಕಾದದ್ದು ಲಿಫ್ಟ್ ಬಾಗಿಲು. ಎರಡು ಚದರ ಮೀಟರ್ ಬಾಗಿಲಿನ ಮೇಲೆ ಎಪ್ಪತ್ತು ನ್ಯೂಟನ್ನಿನಷ್ಟು, ಅಂದರೆ ಏಳು ಕಿಲೋ ತೂಕದ ಒತ್ತು. ಶೂ ಹೊಸದಿದ್ದರೆ ಮೋಟಾರು ಗೆಲ್ಲುತ್ತದೆ. ಸವೆದು, ಸಿಲ್‌ನಲ್ಲಿ ಧೂಳೂ ಕೂತಿದ್ದರೆ ಸೋಲುತ್ತದೆ.

ನಾನು ನೋಡಿದ ಒಂದು ಕಚೇರಿ ಗೋಪುರದಲ್ಲಿ ನಡೆದದ್ದು ಇದೇ. ದೂರಿನ ಪುಸ್ತಕವನ್ನು ತಿರುವಿದಾಗ ರೋಗ ತಾನಾಗಿ ಹೇಳಿಕೊಂಡಿತು. ದೂರುಗಳೆಲ್ಲ ಡಿಸೆಂಬರ್–ಜನವರಿಯವು, ಬೆಳಗಿನ ಹೊತ್ತಿನವು, ನೆಲಮಹಡಿಯವು. ನಡುವಿನ ಮಹಡಿಗಳಿಂದ ಒಂದೂ ಇಲ್ಲ. ಮಳೆಗಾಲದಲ್ಲಿ, ಒಳಗೂ ಹೊರಗೂ ಬಿಸಿ ಒಂದೇ ಸಮ ಇರುವಾಗ, ಪುಸ್ತಕ ಖಾಲಿ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಮೇಲಿನ ಮಹಡಿಯ ಬಾಗಿಲಿನ ಮೇಲೆ ಕೆಲವು ದೂರು: ಎ.ಸಿ.ಯಿಂದ ತಣಿದ ಗಾಳಿ ಶಾಫ್ಟಿನಲ್ಲಿ ಕೆಳಗಿಳಿಯುತ್ತಿತ್ತು, ಸೆಳೆತ ತಲೆಕೆಳಗಾಗಿತ್ತು. ಸಿಲ್‌ನ ಮಣ್ಣು ತಿಂಗಳನ್ನೂ ಹೊತ್ತನ್ನೂ ನೋಡಿಕೊಂಡು ತೊಂದರೆ ಕೊಡುವುದಿಲ್ಲ. ಅಷ್ಟರಲ್ಲಾಗಲೇ ಮೆಕ್ಯಾನಿಕ್ ಮುಚ್ಚುವ ತೂಕವನ್ನು ಹೆಚ್ಚಿಸಿದ್ದ. ಬಾಗಿಲು ಉಳಿದ ಕಾಲದಲ್ಲೆಲ್ಲ ಧಡಾರನೆ ಬಡಿಯುತ್ತಿತ್ತು. ಮುಂಬಾಗಿಲ ಜೋಡಿಯಲ್ಲಿ ಒಂದು ಸದಾ ಮುಚ್ಚಿರುವಂತೆ ಮಾಡಿದ್ದು, ಟೆರೇಸಿನ ಬಾಗಿಲಿಗೆ ಕ್ಲೋಸರ್ ಹಾಕಿದ್ದು, ತೂಕವನ್ನು ಮೊದಲಿನಂತೆ ಇಳಿಸಿದ್ದು ಇಷ್ಟರಲ್ಲೇ ದೂರು ನಿಂತಿತು.

ನಮ್ಮಲ್ಲಿ ಇನ್ನೊಂದು ಗಾಳಿಯೂ ಇದೆ, ಹೊಗೆ ತಡೆಯುವ ಫ್ಯಾನಿನದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ತೀರಿಕೊಂಡಾಗಲೂ ಹೊಗೆ ಡಕ್ಟಿನ ದಾರಿ ಹಿಡಿದು ಮಹಡಿಗಳಿಗೆ ಹರಡಿತ್ತು. 2016ರ ಸಂಹಿತೆಯಂತೆ ಬೆಂಕಿಯ ಹೊತ್ತಿನಲ್ಲಿ ಮೆಟ್ಟಿಲಿನಲ್ಲಿ 50 ಪಾಸ್ಕಲ್, ಲಾಬಿಯಲ್ಲಿ 25ರಿಂದ 30 ಪಾಸ್ಕಲ್ ಒತ್ತಡ ಕಟ್ಟಬೇಕು. ಹವೆ ಕೊಡುವ 18ಕ್ಕಿಂತ ಇದು ಹೆಚ್ಚು, ಮತ್ತು ಚಳಿಯ ಬೆಳಿಗ್ಗೆ ನೆಲಮಹಡಿಯಲ್ಲಿ ಎರಡೂ ಒಂದೇ ದಿಕ್ಕಿಗೆ, ಲಾಬಿಯಿಂದ ಶಾಫ್ಟಿನ ಕಡೆಗೆ, ನೂಕುತ್ತವೆ. ಅಗ್ನಿಶಾಮಕದವರು ಹತ್ತುವ ಲಿಫ್ಟಿನ ಬಾಗಿಲು ಆಗ ಮುಚ್ಚಿಕೊಳ್ಳಬೇಕು. ಫ್ಯಾನಿನ ಗುತ್ತಿಗೆದಾರ ಲಾಬಿಯ ಒತ್ತಡ ಅಳೆದು ಸಹಿ ಹಾಕುತ್ತಾನೆ, ಲಿಫ್ಟಿನವನು ಫ್ಯಾನ್ ನಿಂತಿರುವಾಗ ಬಾಗಿಲ ಬಲ ಅಳೆದು ಸಹಿ ಹಾಕುತ್ತಾನೆ. ನಾನು ಕಂಡ ಹಸ್ತಾಂತರದ ಕಾಗದಗಳಲ್ಲಿ ಎರಡನ್ನೂ ಒಟ್ಟಿಗೆ ನೋಡುವ ಕಾಲಂ ಇರಲಿಲ್ಲ. ಬೇಕಾದದ್ದು ಒಂದು ಮ್ಯಾನೋಮೀಟರ್, ಬಾಗಿಲ ಸಂದಿನಲ್ಲಿ ತೂರಿಸಲು ಒಂದು ಸಣ್ಣ ನಳಿಗೆ, ಜನವರಿಯ ಒಂದು ಬೆಳಗು: ನೆಲಮಹಡಿ, ನಡುಮಹಡಿ, ತುದಿಮಹಡಿಯಲ್ಲಿ, ಫ್ಯಾನ್ ನಿಂತಾಗ ಒಮ್ಮೆ, ತಿರುಗುವಾಗ ಒಮ್ಮೆ, ಮುಂಬಾಗಿಲು ತೆರೆದು ಒಮ್ಮೆ, ಮುಚ್ಚಿ ಒಮ್ಮೆ.