ಬೇಹಾರಿ

ಬೇಹಾರಿ (ನಾಮಪದ): ವರ್ತಕ. ಸಂಸ್ಕೃತದ ‘ವ್ಯವಹಾರಿ’ ಎಂಬುದು, ವಸತಿಯು ಬಸದಿಯಾದ ರೀತಿಯಲ್ಲೇ ಮೊದಲ ವಕಾರವನ್ನು ಬಕಾರಕ್ಕೆ ಬಿಟ್ಟುಕೊಟ್ಟು, ನಡುವಣ ಅಕ್ಷರಗಳನ್ನು ಕುಗ್ಗಿಸಿಕೊಂಡು ಹಳಗನ್ನಡದಲ್ಲಿ ಈ ತದ್ಭವರೂಪವನ್ನು ತಾಳಿತು. ವ್ಯಾಪಾರಕ್ಕೆ ‘ಬೇಹಾರ’ವೆಂದು ಹೆಸರು.

ಎಳೆಯ ಓದುಗರಿಗೆ ಈ ಪದದ ಅರ್ಥವನ್ನು ತಿಳಿಸಲು ಮಂಗಳೂರಿನ ಒಂದು ನಿಜವಾದ ಕಥೆಯಿದೆ. ಉತ್ತರ ಆಫ್ರಿಕದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ಬೇಹಾರಿಯು 1132ರ ವೇಳೆಗೆ ಅಲ್ಲಿ ನೆಲಸಿ, ಮೆಣಸು, ಏಲಕ್ಕಿ, ಅಡಕೆಗಳನ್ನು ಕಡಲಾಚೆಯ ಏಡನ್ನಿಗೆ ಕಳುಹಿಸಿ, ಓಲೆಗರಿಯಲ್ಲಿ ಬರೆಯುವ ಈ ನಾಡಿನಲ್ಲಿ ತನಗೆ ದುರ್ಲಭವಾಗಿದ್ದ ಕಾಗದವನ್ನೂ, ಸಕ್ಕರೆ, ಒಣದ್ರಾಕ್ಷಿಗಳನ್ನೂ ತರಿಸಿಕೊಳ್ಳುತ್ತಿದ್ದನು. ವಿದ್ವಾಂಸರು ಬೊಮ್ಮನೆಂದು ಓದುವ ಹೆಸರಿನ ಅವನ ಸೇವಕನು ಸರಕಿನೊಡನೆ ಸ್ವತಃ ಏಡನ್ನಿಗೆ ಯಾನಮಾಡಿದನು. ಹಾಯಿಹಡಗು ಗಾಳಿಯ ಅಧೀನ. ಚಳಿಗಾಲದ ಈಶಾನ್ಯ ಮಾರುತವು ಅದನ್ನು ಪಶ್ಚಿಮಕ್ಕೆ ಒಯ್ದರೆ, ಹಿಂದಿರುಗಲು ನೈರುತ್ಯ ಮಾರುತದ ಅಬ್ಬರ ತಗ್ಗುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಆ ಬಿಡುವಿನಲ್ಲಿ ಬೊಮ್ಮನು ಗೊತ್ತಾದ ಭತ್ಯೆಗಿಂತ ಹೆಚ್ಚು ಹಣ ಕೇಳಿದನೆಂದು ಏಡನ್ನಿನ ವರ್ತಕ ಮದ್ಮೂನನು ಒಡೆಯನಿಗೆ ದೂರು ಬರೆದನು! ಅಂದಿನ ಪತ್ರಗಳು ಕೈರೋ ನಗರದ ಪ್ರಾಚೀನ ಯಹೂದಿ ಮಂದಿರದ ಕಾಗದರಾಶಿಯಲ್ಲಿ ಉಳಿದುಬಂದುವು.

ಕರಾವಳಿಯ ‘ಬ್ಯಾರಿ’ ಸಮುದಾಯದ ಹೆಸರನ್ನು ವ್ಯಾಪಾರವೆಂಬ ಅರ್ಥದ ತುಳುವಿನ ‘ಬ್ಯಾರ’ದಿಂದ ಹಲವರು ನಿಷ್ಪನ್ನಗೊಳಿಸುವರು, ಕಡಲೆಂಬ ಅರ್ಥದ ಅರಬ್ಬಿ ‘ಬಹ್ರ್’ನಿಂದ ಬಂದುದೆಂಬ ಮತವೂ ಉಂಟು. ಬೇಹುಗಾರನ ‘ಬೇಹು’ ಮಾತ್ರ ಬೇರೆಯ ಪದ. ಬೇಹಾರಿಯೊಡನೆ ಅದನ್ನು ಬೆರಸಲಾಗದು.