ಜಿಲ್ಲಾ ಸರಾಸರಿಯಿಂದ ವ್ಯಕ್ತಿಯನ್ನು ಅಳೆಯುವ ತಪ್ಪು (ಇಕಲಾಜಿಕಲ್ ಫ್ಯಾಲಸಿ)

ಜಿಲ್ಲೆ, ರಾಜ್ಯ, ಮತಗಟ್ಟೆಯಂತಹ ಗುಂಪುಗಳ ಸರಾಸರಿಗಳ ನಡುವೆ ಕಂಡ ಸಂಬಂಧವನ್ನು ಆ ಗುಂಪಿನೊಳಗಿನ ಜನರಿಗೂ ಹಾಗೆಯೇ ಅನ್ವಯಿಸುವ ತರ್ಕದೋಷ. ಒಂದೊಂದು ಜಿಲ್ಲೆಯನ್ನು ಒಂದೊಂದು ಚುಕ್ಕೆಯಾಗಿಸಿ ರಿಗ್ರೆಶನ್ ರೇಖೆ ಎಳೆದಾಗ ಈ ತಪ್ಪು ಸುಲಭವಾಗಿ ನುಸುಳುತ್ತದೆ. ರೇಖೆ ಜಿಲ್ಲೆಗಳ ವಿಷಯದಲ್ಲಿ ಸರಿಯಾಗಿರುತ್ತದೆ. ಅದನ್ನು ಓದುವವರು ಮಾತ್ರ ಅದು ವ್ಯಕ್ತಿಗಳ ವಿಷಯ ಹೇಳುತ್ತಿದೆ ಎಂದುಕೊಳ್ಳುತ್ತಾರೆ.

ಇದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ತೋರಿಸಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್ಸನ್. 1950ರ ಲೇಖನದಲ್ಲಿ ಅವರು 1930ರ ಅಮೆರಿಕನ್ ಜನಗಣತಿಯನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕಿದರು. ಹತ್ತು ವರ್ಷ ದಾಟಿದವರಲ್ಲಿ, ವಿದೇಶದಲ್ಲಿ ಹುಟ್ಟಿದವರ ಪೈಕಿ ಸುಮಾರು ಶೇ. 9.9 ಮಂದಿಗೆ ಓದುಬರಹ ಬರುತ್ತಿರಲಿಲ್ಲ. ಅಲ್ಲೇ ಹುಟ್ಟಿದವರಲ್ಲಿ ಆ ಪ್ರಮಾಣ ಶೇ. 3.1. ವ್ಯಕ್ತಿಗಳ ಮಟ್ಟದಲ್ಲಿ ವಲಸೆಗೂ ಅನಕ್ಷರತೆಗೂ ಸಹಸಂಬಂಧ 0.118, ಅಂದರೆ ಸಣ್ಣದಾದರೂ ಧನಾತ್ಮಕ. ಅದೇ ಜನರನ್ನು ರಾಜ್ಯವಾರು ಶೇಕಡಾವಾರಿಗೆ ಇಳಿಸಿದಾಗ ಅದು −0.526 ಆಯಿತು. ರಾಜ್ಯಗಳನ್ನು ಇನ್ನೂ ದೊಡ್ಡ ಒಂಬತ್ತು ವಿಭಾಗಗಳಾಗಿ ಕೂಡಿಸಿದರೆ −0.619. ಗುಂಪು ದೊಡ್ಡದಾದಷ್ಟೂ ತಪ್ಪು ಚಿಹ್ನೆ ಗಟ್ಟಿಯಾಗುತ್ತ ಹೋಯಿತು. ಕಾರಣ ಗೂಢವೇನಲ್ಲ. ವಲಸಿಗರು ನ್ಯೂಯಾರ್ಕ್, ಮಸಾಚುಸೆಟ್ಸ್‌ನಂತಹ ಕಡೆ ನೆಲೆಸಿದರು. ಅಲ್ಲಿನ ಸ್ಥಳೀಯರು ಮೊದಲೇ ಹೆಚ್ಚು ಓದಿದವರು. ಅನಕ್ಷರತೆ ಹೆಚ್ಚಿದ್ದ ದಕ್ಷಿಣದ ರಾಜ್ಯಗಳಿಗೆ ವಲಸಿಗರು ಹೋದದ್ದೇ ಕಡಿಮೆ.

ಇದು ಹೇಗಾಗುತ್ತದೆ ಎಂಬುದನ್ನು ಮೂರು ಕಲ್ಪಿತ ಜಿಲ್ಲೆಗಳಲ್ಲಿ ನೋಡಬಹುದು. ಮೂರರಲ್ಲೂ ಜನಸಂಖ್ಯೆ ಸಮ. ವಲಸಿಗರ ಪಾಲು ಕ್ರಮವಾಗಿ ಶೇ. 10, 20, 30. ಸ್ಥಳೀಯರಲ್ಲಿ ಅನಕ್ಷರತೆ ಶೇ. 20, 14, 8. ವಲಸಿಗರಲ್ಲಿ ಎಲ್ಲ ಜಿಲ್ಲೆಯಲ್ಲೂ ಐದು ಅಂಶ ಹೆಚ್ಚು: 25, 19, 13. ಜಿಲ್ಲೆಯ ಒಟ್ಟು ಅನಕ್ಷರತೆ ಆಗ 20.5, 15, 9.5 ಆಗುತ್ತದೆ. ಹೊರಗಿನವರ ಕೈಗೆ ಸಿಗುವುದು ವಲಸಿಗರ ಪಾಲು ಮತ್ತು ಈ ಒಟ್ಟು ಅಂಕಿ, ಇವೆರಡೇ. ಅವುಗಳಿಂದ ಬರುವ ರೇಖೆ ಇದು:

```
y = 26 − 55x
```

ಇಲ್ಲಿ x ವಲಸಿಗರ ಪಾಲು (ಶೇ. 10 ಎಂದರೆ 0.1), y ಶೇಕಡಾವಾರು ಅನಕ್ಷರತೆ. ಮೂರೂ ಚುಕ್ಕೆಗಳು ರೇಖೆಯ ಮೇಲೆಯೇ ಕೂರುತ್ತವೆ, R² ಸರಿಯಾಗಿ 1. ಹೊಂದಾಣಿಕೆ ಇಷ್ಟು ಚೆನ್ನಾಗಿದ್ದರೆ ಯಾರೂ ಅನುಮಾನಪಡುವುದಿಲ್ಲ. ಆದರೆ R² ಈ ದೋಷದ ಬಗ್ಗೆ ಏನನ್ನೂ ಹೇಳುವುದಿಲ್ಲ. x ಜಾಗದಲ್ಲಿ 1 ಇಟ್ಟರೆ, ಅಂದರೆ ಎಲ್ಲರೂ ವಲಸಿಗರಾದರೆ, ಅನಕ್ಷರತೆ ಶೇ. −29! ಹೀಗೆ ಸೊನ್ನೆಗಿಂತ ಕೆಳಗೋ ನೂರಕ್ಕಿಂತ ಮೇಲೋ ಅಂಕಿ ಬಂದರೆ ಅದು ಸ್ಪಷ್ಟ ಎಚ್ಚರಿಕೆ. ಬಾರದಿದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ನಿಜದಲ್ಲಿ ಮೂರೂ ಜಿಲ್ಲೆ ಸೇರಿಸಿದರೆ ವಲಸಿಗರಲ್ಲಿ ಶೇ. 17, ಸ್ಥಳೀಯರಲ್ಲಿ ಶೇ. 14.5 ಮಂದಿ ಅನಕ್ಷರಸ್ಥರು.

ರೇಖೆಯ ಎರಡು ತುದಿಗಳಿಂದ ಎರಡು ಗುಂಪುಗಳ ಪ್ರಮಾಣ ಓದುವ ಈ ವಿಧಾನವನ್ನು ಲಿಯೋ ಗುಡ್‌ಮನ್ 1953ರಲ್ಲಿ ವಿವರಿಸಿದರು. ಅದಕ್ಕೊಂದು ಷರತ್ತಿದೆ ಎಂಬುದನ್ನೂ ಅವರು ಬಲ್ಲವರಾಗಿದ್ದರು: ಒಂದು ಗುಂಪಿನ ಪ್ರಮಾಣ ಜಿಲ್ಲೆಯಿಂದ ಜಿಲ್ಲೆಗೆ ವಲಸಿಗರ ಪಾಲಿನ ಜೊತೆ ಏರಿಳಿಯಬಾರದು. ನಮ್ಮ ಉದಾಹರಣೆ ಮುರಿಯುವುದು ಇದನ್ನೇ. ಷರತ್ತು ನಿಜವೋ ಅಲ್ಲವೋ ಎಂದು ಸರಾಸರಿಗಳನ್ನಷ್ಟೇ ಇಟ್ಟುಕೊಂಡು ಪರೀಕ್ಷಿಸಲಾಗದು ಎಂಬುದೇ ಇಲ್ಲಿನ ನಿಜವಾದ ತೊಡಕು.

ಅದೇ ವರ್ಷ ಡಂಕನ್ ಮತ್ತು ಡೇವಿಸ್ ಸೂಚಿಸಿದ ದಾರಿ ಹೆಚ್ಚು ಪ್ರಾಮಾಣಿಕವಾದದ್ದು: ಊಹೆ ಬಿಟ್ಟು, ಸಾಧ್ಯವಿರುವ ಮಿತಿಗಳನ್ನು ಮಾತ್ರ ಹೇಳುವುದು. ಮೂರನೆಯ ಜಿಲ್ಲೆಯಲ್ಲಿ ನೂರು ಜನರಿಗೆ 30 ವಲಸಿಗರು, 9.5 ಅನಕ್ಷರಸ್ಥರು. ಆ ಅನಕ್ಷರಸ್ಥರೆಲ್ಲ ವಲಸಿಗರೇ ಆದರೂ ಅವರಲ್ಲಿ ಅನಕ್ಷರತೆ ಶೇ. 32ನ್ನು ದಾಟದು, ಕನಿಷ್ಠ ಸೊನ್ನೆ. ಮೊದಲ ಜಿಲ್ಲೆಯಲ್ಲಾದರೆ ಮಿತಿ ಸೊನ್ನೆಯಿಂದ ನೂರರವರೆಗೆ, ಅಂದರೆ ಅಂಕಿಅಂಶ ಏನನ್ನೂ ತಿಳಿಸುತ್ತಿಲ್ಲ. ಉತ್ತರ ಸಪ್ಪೆ, ಆದರೆ ಸುಳ್ಳಲ್ಲ.

ಒಬ್ಬೊಬ್ಬರ ದಾಖಲೆ ಸಿಕ್ಕರೆ ಗಂಟು ಬಿಡಿಸಬಹುದು. ವ್ಯಕ್ತಿ ವಲಸಿಗನೇ (m, ಹೌದಾದರೆ 1, ಇಲ್ಲವಾದರೆ 0) ಎಂಬುದನ್ನೂ ಅವನ ಜಿಲ್ಲೆಯಲ್ಲಿ ವಲಸಿಗರ ಪಾಲೆಷ್ಟು (x) ಎಂಬುದನ್ನೂ ಒಂದೇ ಸಮೀಕರಣದಲ್ಲಿ ಇಟ್ಟಾಗ ಹೀಗಾಗುತ್ತದೆ:

```
y = 26 + 5m − 60x
```

ಜಿಲ್ಲಾ ರೇಖೆಯ −55 ಎಂಬುದು +5 ಮತ್ತು −60ರ ಮೊತ್ತ. ಮೊದಲನೆಯದು ಒಂದೇ ಜಿಲ್ಲೆಯಲ್ಲಿ ವಲಸಿಗನಿಗೂ ಸ್ಥಳೀಯನಿಗೂ ಇರುವ ಅಂತರ. ಎರಡನೆಯದು ವಲಸಿಗರು ಎಂತಹ ಊರನ್ನು ಆರಿಸಿಕೊಂಡರು ಎಂಬುದರ ಗುರುತು. ಜಿಲ್ಲಾ ಆಡಳಿತಕ್ಕೆ ಸಂಬಂಧಿಸಿದ ಪ್ರಶ್ನೆಗೆ −55 ಉಪಯುಕ್ತವೇ ಇರಬಹುದು. ವ್ಯಕ್ತಿಗಳ ಕುರಿತ ಪ್ರಶ್ನೆಗೆ ಮಾತ್ರ ಒಬ್ಬೊಬ್ಬರ ದಾಖಲೆಯೇ ಬೇಕು. ಭಾರತದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲಾವಾರು ಪಟ್ಟಿಗಳ ಜೊತೆಗೆ ಒಂದೊಂದು ಮನೆಯ ಮಟ್ಟದ ದತ್ತಾಂಶವನ್ನೂ ಸಂಶೋಧಕರಿಗೆ ಒದಗಿಸುತ್ತದೆ. ತಾಯಿಯ ಓದಿಗೂ ಮಗುವಿನ ಬೆಳವಣಿಗೆಗೂ ಇರುವ ನಂಟನ್ನು ಜಿಲ್ಲಾ ಪಟ್ಟಿಗಳಿಂದ ಹೇಳಲು ಹೊರಡುವವರಿಗೆ ಆ ದತ್ತಾಂಶ ಕೈಗೆಟುಕುವಷ್ಟರಲ್ಲೇ ಇದೆ.