ಔಟ್‌ಲುಕ್ ನಿಯಮಗಳ ಅನುಕ್ರಮ

ಮೈಕ್ರೋಸಾಫ್ಟ್ ಔಟ್‌ಲುಕ್‌ನಲ್ಲಿ ಒಳಬರುವ ಮಿಂಚಂಚೆಯನ್ನು ತಾನಾಗಿ ವಿಂಗಡಿಸುವ ಸೂಚನೆಗಳನ್ನು ನಿಯಮಗಳು ಎನ್ನುತ್ತಾರೆ. ಒಂದೇ ಸಂದೇಶಕ್ಕೆ ಹಲವು ನಿಯಮಗಳು ಅನ್ವಯಿಸಿದಾಗ, ಅವು ಪಟ್ಟಿಯಲ್ಲಿ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಜಾರಿಗೆ ಬರುತ್ತವೆ. ಯಾವುದಾದರೂ ನಿಯಮದಲ್ಲಿ ‘stop processing more rules’ ಎಂಬ ಕ್ರಿಯೆ ಇದ್ದು ಆ ನಿಯಮ ಹೊಂದಿಕೆಯಾದರೆ, ಅದರ ಕೆಳಗಿನ ನಿಯಮಗಳು ಆ ಸಂದೇಶವನ್ನು ಮುಟ್ಟುವುದಿಲ್ಲ.

## ಸಂಘರ್ಷದ ಉದಾಹರಣೆ

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳಿಂದ ಪತ್ರಗಳು ಬರುವ ಒಂದು ಅಂಚೆಪೆಟ್ಟಿಗೆಯನ್ನು ಊಹಿಸಬಹುದು. ವಿಷಯದ ಸಾಲಿನಲ್ಲಿ `Ron`, `Nargund`, `Gajendragad` ಎಂಬ ಪದಗಳನ್ನು ಹುಡುಕಿ, ಆಯಾ ಕಡತಕೋಶಕ್ಕೆ ಸಾಗಿಸುವ ಮೂರು ನಿಯಮಗಳು ಇದೇ ಅನುಕ್ರಮದಲ್ಲಿವೆ. `urgent` ಎಂಬ ಪದವಿದ್ದರೆ ಹೆಚ್ಚಿನ ಪ್ರಾಮುಖ್ಯದ ಗುರುತು ಹಾಕುವ ನಾಲ್ಕನೆಯ ನಿಯಮ ಕೊನೆಯಲ್ಲಿದೆ. ಆಗ ಈ ವಿಷಯದ ಸಂದೇಶ ಬರುತ್ತದೆ:

```
Urgent: Electronic tender, Nargund
```

ಔಟ್‌ಲುಕ್ ಪದವನ್ನಷ್ಟೇ ಅಲ್ಲ, ಅಕ್ಷರಸರಣಿಯನ್ನೂ ಹೋಲಿಸುತ್ತದೆ. ದೊಡ್ಡ, ಸಣ್ಣ ಅಕ್ಷರಗಳ ಭೇದವನ್ನು ಗಣಿಸುವುದಿಲ್ಲ. `Electronic` ಎಂಬುದರೊಳಗೆ `ron` ಅಡಗಿರುವುದರಿಂದ ರೋಣದ ನಿಯಮವೂ ಹೊಂದಿಕೆಯಾಗುತ್ತದೆ. ಕನ್ನಡದಲ್ಲಿ ಬರೆದರೂ ಇದು ತಪ್ಪದು: ‘ಸೇರೋಣ’, ‘ಬರೋಣ’ ಎಂಬ ಪದಗಳಲ್ಲಿ ‘ರೋಣ’ ಇದೆ.

ನಿಲುಗಡೆಯ ಕ್ರಿಯೆ ಇಲ್ಲದಿದ್ದರೆ ಸಂದೇಶದ ಎರಡು ಪ್ರತಿಗಳಾಗಿ, ಒಂದು ರೋಣಕ್ಕೂ ಇನ್ನೊಂದು ನರಗುಂದಕ್ಕೂ ಹೋಗಬಹುದು. ರೋಣದ ನಿಯಮದಲ್ಲಿ ನಿಲುಗಡೆ ಇದ್ದರೆ ಸಂದೇಶ ರೋಣದ ಕಡತಕೋಶದಲ್ಲಿ ಮಾತ್ರ ಉಳಿಯುತ್ತದೆ. ತುರ್ತು ಗುರುತೂ ಬೀಳುವುದಿಲ್ಲ. ನಕಲು ಪ್ರತಿ ಕಣ್ಣಿಗೆ ಬೀಳುತ್ತದೆ, ಆದರೆ ದಾರಿತಪ್ಪಿದ ಟೆಂಡರ್ ಪತ್ರ ಗಡುವು ಮೀರುವವರೆಗೂ ಗಮನಕ್ಕೆ ಬಾರದಿರಬಹುದು.

## ಪರಿಹಾರ

ಗುರುತು ಮಾತ್ರ ಹಾಕುವ ನಿಯಮವನ್ನು ಎಲ್ಲಕ್ಕಿಂತ ಮೇಲೆ, ನಿಲುಗಡೆಯಿಲ್ಲದೆ ಇರಿಸಬೇಕು. ಅನಂತರ ನರಗುಂದ ಮತ್ತು ಗಜೇಂದ್ರಗಡದ ನಿಯಮಗಳು, ಕೊನೆಗೆ ರೋಣದ ನಿಯಮ ಬರಬೇಕು. ಸಾಗಿಸುವ ಮೂರರಲ್ಲೂ ನಿಲುಗಡೆ ಇರಬೇಕು. `Ron` ಬದಲಿಗೆ `Ron Taluk` ಎಂಬ ಪೂರ್ಣ ಪದಗುಚ್ಛವನ್ನೋ ಕಳುಹಿಸುವವರ ವಿಳಾಸವನ್ನೋ ಷರತ್ತಾಗಿಸುವುದು ಇನ್ನೂ ಖಚಿತ. ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ‘Rules and Alerts’ ಕಿಟಕಿಯ ಬಾಣದ ಗುಂಡಿಗಳಿಂದ ಅನುಕ್ರಮವನ್ನು ಬದಲಿಸಬಹುದು. ಅಲ್ಲಿ ಹೊಸ ನಿಯಮ ಪಟ್ಟಿಯ ಮೇಲ್ತುದಿಗೆ ಸೇರುವುದರಿಂದ, ಪ್ರತಿ ಸೇರ್ಪಡೆಯ ಬಳಿಕ ಅನುಕ್ರಮವನ್ನು ಮತ್ತೆ ನೋಡಬೇಕಾಗುತ್ತದೆ. ಸಾಗಿಸುವ ನಿಯಮಗಳ ಸಿದ್ಧ ಮಾದರಿಗಳಲ್ಲಿ ನಿಲುಗಡೆ ಮೊದಲೇ ಸೇರಿರುತ್ತದೆ.

## ಮಿತಿಗಳು

ರೋಣ ಮತ್ತು ನರಗುಂದ ಎರಡಕ್ಕೂ ಸಂಬಂಧಿಸಿದ ಜಂಟಿ ವರದಿ ಈ ಅನುಕ್ರಮದಲ್ಲಿ ನರಗುಂದಕ್ಕೆ ಮಾತ್ರ ಸೇರುತ್ತದೆ. ಎರಡೂ ಕಡೆ ಬೇಕಿದ್ದರೆ ನಿಲುಗಡೆಯನ್ನು ತೆಗೆದು ನಕಲು ಪ್ರತಿಯನ್ನು ಒಪ್ಪಿಕೊಳ್ಳಬೇಕು. ಎಕ್ಸ್‌ಚೇಂಜ್ ಖಾತೆಗಳಲ್ಲಿ ಸರ್ವರ್‌ನ ನಿಯಮಗಳು ಮೊದಲು ಜಾರಿಯಾಗುತ್ತವೆ. ಮುದ್ರಣ, ಧ್ವನಿ ಸೂಚನೆಗಳಂತಹ ಗಣಕಕ್ಕೆ ಸೀಮಿತವಾದ ನಿಯಮಗಳು ಪಟ್ಟಿಯಲ್ಲಿ ಮೇಲಿದ್ದರೂ ಅನಂತರವೇ, ಔಟ್‌ಲುಕ್ ತೆರೆದಿರುವಾಗ ಮಾತ್ರ ನಡೆಯುತ್ತವೆ.